ದಾಸವಾಳದ ಎಲೆ ಮೇಲಿನ ಜೇಡ 'ಕಿಲ್ಲರ್' ಹೌದಾ? ಕಣ್ಣು ನೋಡಿ, ಕಾಲಿನ ಮುಳ್ಳು ನೋಡಿ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಕೆಳಗಿನ ಪುಟ್ಟ ತೋಟದ ದಾಸವಾಳದ ಎಲೆ ಮೇಲೆ ಕಂದು ಬಣ್ಣದ ಜೇಡ. ಹಾಕಿದವರು ಮೂರನೇ ಮಹಡಿಯ ಆಂಟಿ. ಅವರ ಮೊಮ್ಮಗಳು ದಿನಾ ಸಂಜೆ ಆ ಗಿಡಗಳ ಮಧ್ಯೆಯೇ ಆಡುವುದು. "ಇದು ಕಚ್ಚುತ್ತಾ?" ಅಂತ ಅವರು ಕೇಳಿದ್ದರು, ಅಷ್ಟೇ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬ್ರೌನ್ ರೆಕ್ಲೂಸ್ ಅನ್ನುವ ಜೇಡದ ಬಗ್ಗೆ ಅಮೆರಿಕದಿಂದ ಹೊರಟು ಎಷ್ಟೋ ಗ್ರೂಪು ಸುತ್ತಿ ಬಂದ ಒಂದು ಫಾರ್ವರ್ಡ್. ಜೊತೆಗೆ ಕೊಳೆತ ಗಾಯದ ಒಂದು ಚಿತ್ರ. ಅದನ್ನು ಹಾಕಿದ ಯುವಕ ತನ್ನದೇ ಒಂದು ಸಾಲನ್ನೂ ಸೇರಿಸಿದ್ದ: "ಝೂಮ್ ಮಾಡಿ ನೋಡಿದೆ. ಆರು ಕಣ್ಣು ಇದೆ. ರೆಕ್ಲೂಸ್‌ಗೂ ಆರೇ." ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿ ಅಂಕಲ್ ಔಷಧಿ ಹೊಡೆಯುವವರಿಗೆ ಫೋನ್ ಮಾಡಿ ರೇಟು ಕೇಳಿಯಾಗಿತ್ತು. ಇಡೀ ತೋಟಕ್ಕೆ ಸ್ಪ್ರೇ, ಮರುದಿನ ಬೆಳಗ್ಗೆಯೇ.

ಆ ಯುವಕನನ್ನು ಆಡಿಕೊಳ್ಳೋದು ಸುಲಭ. ಆದರೆ ಗ್ರೂಪಿನಲ್ಲಿದ್ದ ಎಲ್ಲರ ಪೈಕಿ ಸರಿಯಾದ ಕಡೆ ನೋಡಿದವನು ಅವನೊಬ್ಬನೇ. ಉಳಿದವರು "ಬಣ್ಣ ಹಾಗೇ ಇದೆ", "ಸೈಜು ಹಾಗೇ ಇದೆ" ಅನ್ನುತ್ತಿದ್ದಾಗ ಅವನು ಕಣ್ಣು ಎಣಿಸಿದ್ದ. ಎಣಿಕೆ ತಪ್ಪಿತ್ತು. ಯಾಕೆ ತಪ್ಪಿತು ಅನ್ನುವುದರಲ್ಲೇ ಜೇಡ ಗುರುತಿಸುವ ವಿದ್ಯೆಯ ಬಹುಪಾಲು ಅಡಗಿದೆ.

ಮೊದಲು ಬಣ್ಣದ ವಿಚಾರ ಮುಗಿಸಿಬಿಡೋಣ. ಪ್ರಪಂಚದಲ್ಲಿ ಹೆಸರಿಟ್ಟಿರುವ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಇವುಗಳಲ್ಲಿ ಕಂದು ಬಣ್ಣದವು ಎಷ್ಟು ಅಂತ ಕೇಳಿದರೆ, ಲೆಕ್ಕ ಇಡೋಕೆ ಆಗದಷ್ಟು. ಅದೂ ಸಾಲದು ಅಂತ ಒಂದೇ ಪ್ರಭೇದದಲ್ಲಿ ಗಂಡು ಒಂದು ಬಣ್ಣ, ಹೆಣ್ಣು ಇನ್ನೊಂದು ಬಣ್ಣ ಇರುತ್ತದೆ. ಮರಿ ಬೇರೆ ಥರ ಕಾಣುತ್ತದೆ. ಹೂವಿನಲ್ಲಿ ಕೂತು ಬೇಟೆಯಾಡುವ ಕೆಲವು ಏಡಿ ಜೇಡಗಳು ಕೆಲವು ದಿನಗಳಲ್ಲಿ ಬಿಳಿಯಿಂದ ಹಳದಿಗೆ ತಿರುಗುತ್ತವೆ. ಇದರ ಮೇಲೆ ಫೋನ್ ಕ್ಯಾಮೆರಾ ತನ್ನ ಕೈಚಳಕ ಬೇರೆ ತೋರಿಸುತ್ತದೆ: ಹಸಿರೆಲೆ ಮೇಲಿನ ತಿಳಿ ಹಳದಿಯನ್ನು ಕಂದಾಗಿಸುತ್ತದೆ, ನೆರಳಿನಲ್ಲಿದ್ದ ಬೂದಿಯನ್ನು ನೀಲಿಯಾಗಿಸುತ್ತದೆ.

ಗಾತ್ರವೂ ಇಲ್ಲಿ ಕೈ ಕೊಡುತ್ತದೆ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದ ಕ್ಲೋಸ್‌ಅಪ್‌ನಲ್ಲಿ ಕಿರುಬೆರಳಿನ ಉಗುರಿನಷ್ಟು ಜೇಡವೂ ಅಂಗೈಯಷ್ಟು ಕಾಣುತ್ತದೆ. ಅಳತೆ ಸಿಕ್ಕರೂ ಪ್ರಯೋಜನ ಅಷ್ಟಕ್ಕಷ್ಟೇ. ರೆಕ್ಲೂಸ್‌ನ ದೇಹದ ಉದ್ದ ಹೆಚ್ಚುಕಮ್ಮಿ ಒಂದು ಸೆಂಟಿಮೀಟರು. ನಮ್ಮ ತೋಟಗಳಲ್ಲಿ ಓಡಾಡುವ ಹತ್ತಾರು ಬಗೆಯ ನಿರುಪದ್ರವಿ ಜೇಡಗಳೂ ಅಷ್ಟೇ ಇರುತ್ತವೆ.

ಎಂಜಿನಿಯರಿಂಗ್ ಲ್ಯಾಬಿನಲ್ಲಿ ಕೆಟ್ಟ ಸರ್ಕಿಟ್ ಬೋರ್ಡ್ ಕೊಟ್ಟು ತಪ್ಪು ಹುಡುಕಿ ಅನ್ನುತ್ತಿದ್ದರು. ಸಿಕ್ಕ ಸಿಕ್ಕ ಕಡೆ ಮಲ್ಟಿಮೀಟರ್ ಇಟ್ಟರೆ ಸಂಜೆಯಾಗುತ್ತಿತ್ತು. ಯಾವ ಒಂದು ಅಳತೆ ತೆಗೆದರೆ ಅರ್ಧ ಬೋರ್ಡನ್ನು ಪಕ್ಕಕ್ಕೆ ಇಡಬಹುದೋ ಅದನ್ನು ಮೊದಲು ಮಾಡಬೇಕಿತ್ತು. ಜೇಡದ ಫೋಟೋ ಓದುವುದೂ ಹಾಗೇ. ಒಂದು ಲಕ್ಷಣದ ತೂಕ ಅದು ಎಷ್ಟು ಎದ್ದು ಕಾಣುತ್ತದೆ ಅನ್ನುವುದರಿಂದ ಬರಲ್ಲ. ಅದು ಎಷ್ಟು ಜೇಡಗಳನ್ನು ಪಟ್ಟಿಯಿಂದ ಹೊರಗೆ ಹಾಕುತ್ತದೆ, ವಯಸ್ಸು ಊಟ ಹವಾಮಾನ ಬದಲಾದರೂ ಬದಲಾಗದೆ ಉಳಿಯುತ್ತದಾ ಅನ್ನುವುದರಿಂದ ಬರುತ್ತದೆ. ಈ ಎರಡೂ ಪರೀಕ್ಷೆಯಲ್ಲಿ ಕಣ್ಣುಗಳ ಜೋಡಣೆ ಎಲ್ಲಕ್ಕಿಂತ ಮುಂದಿದೆ.

ಬಹುಪಾಲು ಜೇಡಗಳಿಗೆ ಎಂಟು ಕಣ್ಣು. ಅವು ತಲೆಯ ಮೇಲೆ ಎಲ್ಲೆಲ್ಲಿ ಕೂತಿವೆ, ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ಆ ಕುಟುಂಬದ ಮೊಹರು ಇದ್ದ ಹಾಗೆ. ಮರಿ ಹಲವು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ, ಬಣ್ಣ ಬದಲಿಸುತ್ತದೆ, ಆದರೆ ಕಣ್ಣಿನ ನಕ್ಷೆ ಹಾಗೇ ಇರುತ್ತದೆ. ಈ ನಕ್ಷೆಗೂ ಜೇಡದ ಜೀವನೋಪಾಯಕ್ಕೂ ನಂಟಿದೆ. ಗೋಡೆ ಮೇಲೆ ಛಂಗನೆ ಹಾರಿ ನೊಣ ಹಿಡಿಯುವ ಹಾರುವ ಜೇಡವನ್ನು ನೋಡಿದ್ದೀರಿ. ಅದಕ್ಕೆ ಮುಖದ ಮುಂದೆ ಕಾರಿನ ಹೆಡ್‌ಲೈಟ್ ಥರ ಎರಡು ದೊಡ್ಡ ಕಣ್ಣು. ನೆಲದ ಮೇಲೆ ಓಡಾಡುವ ತೋಳ ಜೇಡಕ್ಕೆ ಕೆಳಗೆ ನಾಲ್ಕು ಪುಟ್ಟ ಕಣ್ಣಿನ ಸಾಲು, ಅದರ ಮೇಲೆ ಎರಡು ದೊಡ್ಡವು, ಇನ್ನೂ ಮೇಲೆ ಹಿಂದಕ್ಕೆ ಎರಡು. ರಾತ್ರಿ ಹಣೆ ಹತ್ತಿರ ಟಾರ್ಚ್ ಹಿಡಿದು ಹುಲ್ಲಿನತ್ತ ಬೆಳಕು ಬಿಟ್ಟರೆ ಇಬ್ಬನಿ ಹನಿಯಂತೆ ಹೊಳೆಯುವ ಚುಕ್ಕಿಗಳಲ್ಲಿ ಎಷ್ಟೋ ತೋಳ ಜೇಡದ ಕಣ್ಣುಗಳೇ ಆಗಿರುತ್ತವೆ. ಬಲೆ ಕಟ್ಟಿ ಕೂರುವ ಜೇಡಗಳಿಗೆ ಲೋಕ ಗೊತ್ತಾಗುವುದು ನೂಲಿನ ಕಂಪನದಿಂದ. ಹಾಗಾಗಿ ಅವುಗಳ ಕಣ್ಣು ಸಣ್ಣವು, ಫೋಟೋದಲ್ಲಿ ಹುಡುಕಬೇಕಾಗುತ್ತದೆ.

ರೆಕ್ಲೂಸ್‌ನ ಲೆಕ್ಕ ಬೇರೆ. ಅದಕ್ಕೆ ನಿಜಕ್ಕೂ ಆರೇ ಕಣ್ಣು. ಆರೂ ಜೋಡಿಜೋಡಿಯಾಗಿ ಅಂಟಿಕೊಂಡಿರುತ್ತವೆ: ಮುಂದೆ ನಡುವೆ ಒಂದು ಜೋಡಿ, ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ಜೋಡಿಗಳ ನಡುವೆ ಸ್ಪಷ್ಟವಾಗಿ ಖಾಲಿ ಜಾಗ. ಎರಡೆರಡು ಕಾಳಿನಂತೆ ಮೂರು ಕಡೆ ಇಟ್ಟ ಹಾಗೆ. ಫಾರ್ವರ್ಡ್‌ಗಳು ಹೇಳುವ ಬೆನ್ನ ಮೇಲಿನ ಪಿಟೀಲಿನ ಗುರುತನ್ನು ನಂಬಬೇಡಿ. ಪಿಟೀಲು ಹುಡುಕುತ್ತಾ ಹೋದವರಿಗೆ ಯಾವ ಕಂದು ಕಲೆಯಲ್ಲೂ ಪಿಟೀಲು ಕಂಡೀತು. ಮನೆಯ ಮೂಲೆಯಲ್ಲಿ ತೂಗುವ ಉದ್ದ ಕಾಲಿನ ಬಡಪಾಯಿ ಜೇಡದ ಬೆನ್ನಲ್ಲೂ ಅಂಥದ್ದೊಂದು ಕಲೆ ಇರುತ್ತದೆ.

ಈಗ ನಮ್ಮ ದಾಸವಾಳದ ಎಲೆಗೆ ವಾಪಸ್ ಬರೋಣ.

ಗ್ರೂಪಿಗೆ ಬಂದ ಫೋಟೋವನ್ನು ವಾಟ್ಸಾಪ್ ಕುಗ್ಗಿಸಿ ಕಳಿಸಿತ್ತು. ಝೂಮ್ ಮಾಡಿದರೆ ಬರೀ ಚೌಕಗಳು. ನಾನು ಆಂಟಿಗೆ ಫೋನ್ ಮಾಡಿ, "ಆಂಟಿ, ಅದೇ ಫೋಟೋನ ಫೋಟೋ ಥರ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ" ಅಂದೆ. "ಅದೆಲ್ಲಿ ಬರುತ್ತಪ್ಪಾ?" ಅಂದರು. ಮೊಮ್ಮಗಳು ಫೋನ್ ಕಿತ್ತುಕೊಂಡು ಕಳಿಸಿದಳು. ಅಸಲಿ ಫೈಲು ತೆರೆದರೆ ಚಿತ್ರವೇ ಬೇರೆ.

ಮೇಲಿನಿಂದ, ಸ್ವಲ್ಪ ಮುಂದಿನಿಂದ ತೆಗೆದ ಫೋಟೋ. ತಲೆಯ ಮೇಲ್ಭಾಗದಲ್ಲಿ ಕಪ್ಪು ಚುಕ್ಕಿಗಳು ಕಾಣುತ್ತಿದ್ದವು. ಎಣಿಸಿದೆ. ಆರೇ! ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಈ ಆರು ಮೂರು ಜೋಡಿಯಾಗಿ ಅಂಟಿಕೊಂಡಿರಲಿಲ್ಲ. ಒಂದಕ್ಕೊಂದು ಗೆರೆ ಎಳೆದರೆ ಷಟ್ಕೋನ ಬರುವ ಹಾಗೆ ಕೂತಿದ್ದವು: ಹಿಂದೆ ಎರಡು, ನಡುವೆ ಅಗಲವಾಗಿ ಎರಡು, ಮುಂದೆ ಎರಡು. ಅಂದರೆ ಸಂಖ್ಯೆ ಫಾರ್ವರ್ಡ್‌ಗೆ ಹೊಂದುತ್ತಿತ್ತು, ಜೋಡಣೆ ಹೊಂದುತ್ತಿರಲಿಲ್ಲ. ಇಂಥ ಕಡೆ ಜೋಡಣೆಯನ್ನೇ ನಂಬಬೇಕು. ಯಾಕಂದರೆ ಫೋಟೋದಲ್ಲಿ ಕಣ್ಣು ಕಾಣೆಯಾಗುವುದು ಮಾಮೂಲು. ಕಪ್ಪು ಕಲೆಯ ಮೇಲಿನ ಕಪ್ಪು ಕಣ್ಣು ಕಾಣುವುದೇ ಇಲ್ಲ. ಫ್ಲ್ಯಾಶ್ ಹಾಕಿದರೆ ಒಂದೇ ಕಣ್ಣಿನಲ್ಲಿ ಎರಡು ಹೊಳಪು ಮೂಡಿ ಎರಡು ಕಣ್ಣಿನಂತೆಯೂ ಕಾಣಬಹುದು. ಇದ್ದ ಕಣ್ಣು ಮರೆಯಾಗಬಹುದು, ಇಲ್ಲದ್ದು ಹುಟ್ಟಬಹುದು. ಆದರೆ ಕಂಡ ಕಣ್ಣುಗಳ ನಡುವಿನ ದೂರವನ್ನು ಕ್ಯಾಮೆರಾ ಅಷ್ಟು ಸುಲಭಕ್ಕೆ ಕೆಡಿಸಲ್ಲ.

ಷಟ್ಕೋನದ ಈ ನಕ್ಷೆ ಲಿಂಕ್ಸ್ ಜೇಡ ಅನ್ನುವ ಕುಟುಂಬದ್ದು. ಹಾಗಾದರೆ ಇನ್ನೆರಡು ಕಣ್ಣು? ಅವು ಷಟ್ಕೋನಕ್ಕಿಂತ ಕೆಳಗೆ, ನೇರ ಮುಖದ ಮೇಲೆ, ಸೂಜಿಮೊನೆಯಷ್ಟು ಚಿಕ್ಕದಾಗಿ ಇರುತ್ತವೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಅವು ಬರುವ ಸಾಧ್ಯತೆ ಕಡಿಮೆ. ಲಿಂಕ್ಸ್ ಜೇಡವನ್ನು ಮೇಲಿನಿಂದ ನೋಡಿ ಆರು ಕಣ್ಣು ಅಂದರೆ, ಅದು ಈ ಜೇಡದ ವಿಷಯದಲ್ಲಿ ತೀರಾ ಸಹಜವಾದ ತಪ್ಪು.

ಇಷ್ಟಾದರೂ ಊಹೆ ಊಹೆಯೇ. ಒಂದೇ ಲಕ್ಷಣದ ಮೇಲೆ ತೀರ್ಪು ಕೊಟ್ಟರೆ ಆ ಹುಡುಗನಿಗೂ ನನಗೂ ಏನು ವ್ಯತ್ಯಾಸ? ಹಾಗಾಗಿ ಎರಡನೇ ಸಾಕ್ಷಿಯಾಗಿ ಕಾಲುಗಳನ್ನು ನೋಡಿದೆ.

ತಿಳಿ ಹುಲ್ಲಿನ ಬಣ್ಣದ ಕಾಲುಗಳ ಮೇಲೆ ಕಪ್ಪು ಮುಳ್ಳುಗಳು. ಉದ್ದವಾಗಿ, ದಪ್ಪ ಬುಡದೊಂದಿಗೆ, ಕಾಲಿಗೆ ಹೆಚ್ಚುಕಮ್ಮಿ ಲಂಬವಾಗಿ ಎದ್ದು ನಿಂತಿದ್ದವು. ಬಾಟಲಿ ತೊಳೆಯುವ ಬ್ರಶ್ಶಿನಲ್ಲಿ ಅರ್ಧಕ್ಕರ್ಧ ಕೂದಲು ಕಿತ್ತುಹಾಕಿದರೆ ಹೇಗೆ ಕಾಣುತ್ತೋ ಹಾಗೆ. ಇಂಥ ಮುಳ್ಳು ರೆಕ್ಲೂಸ್‌ನ ಕಾಲಿನಲ್ಲಿ ಇರುವುದಿಲ್ಲ. ಅದರ ಕಾಲು ನುಣುಪು, ಮೇಲೆ ಸಣ್ಣ ರೋಮ ಮಾತ್ರ. ನನ್ನ ಮಟ್ಟಿಗೆ ವಿಚಾರಣೆ ಅಲ್ಲಿಗೇ ಮುಗಿದಿತ್ತು. ಫೋಟೋ ಎಷ್ಟೇ ಮಸುಕಾಗಿರಲಿ, ಕಾಲಿನ ಮೇಲೆ ಒಂದು ನಿಜವಾದ ದಪ್ಪ ಮುಳ್ಳು ಖಚಿತವಾಗಿ ಕಂಡರೆ ಸಾಕು, ರೆಕ್ಲೂಸ್ ಅನ್ನುವ ಮಾತನ್ನು ಪಕ್ಕಕ್ಕಿಡಬಹುದು. ಕಣ್ಣಿನ ನಕ್ಷೆ ಓದೋಕೆ ಒಳ್ಳೆಯ ಫೋಟೋ ಬೇಕು. ಮುಳ್ಳಿಗೆ ಸಾಧಾರಣ ಫೋಟೋ ಸಾಕಾಗುತ್ತದೆ. ಅದಕ್ಕೇ ನಾನು ಅನುಮಾನ ಬಂದಾಗ ಮೊದಲು ಕಾಲು ನೋಡುವುದು, ಆಮೇಲೆ ಮುಖ.

ಇಲ್ಲಿ ಎಚ್ಚರ ತಪ್ಪಬಾರದ ಜಾಗವೊಂದಿದೆ: ಮುಳ್ಳು ಬೇರೆ, ರೋಮ ಬೇರೆ. "ಕಾಲೆಲ್ಲ ಮುಳ್ಳು" ಅಂತ ಜನ ತೋರಿಸುವ ಫೋಟೋಗಳಲ್ಲಿ ಅರ್ಧದಷ್ಟು ಬರೀ ರೋಮ. ರೋಮ ತೆಳು, ಒತ್ತಾಗಿರುತ್ತದೆ, ಬಾಗಿರುತ್ತದೆ, ಕಾಲಿನ ಅಂಚಿಗೆ ಮಬ್ಬು ಬಂದಂತೆ ಕಾಣುತ್ತದೆ. ಮುಳ್ಳು ಒಂಟಿಯಾಗಿ ನಿಲ್ಲುತ್ತದೆ, ಎಷ್ಟು ಅಂತ ಎಣಿಸಬಹುದು, ಬುಡದಲ್ಲಿ ಒಂದು ಪುಟ್ಟ ಗುಳಿಯಿಂದ ಎದ್ದ ಹಾಗೆ ಕಾಣುತ್ತದೆ. ಎಣಿಸೋಕೆ ಆಗುತ್ತಾ ಅಂತ ಕೇಳಿಕೊಳ್ಳಿ. ಆಗದಿದ್ದರೆ ಅದು ರೋಮ ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ನನಗೂ ತಡವಾಗಿ ಗೊತ್ತಾದದ್ದು. ಜೇಡಗಳ ಈ ಮುಳ್ಳು ಬುಡದಲ್ಲಿ ಅಲ್ಲಾಡಬಲ್ಲವು. ಮೈಯೊಳಗಿನ ರಕ್ತದ ಒತ್ತಡ ಏರಿದಾಗ ಮುಳ್ಳು ಎದ್ದು ನಿಲ್ಲುತ್ತದೆ, ಇಳಿದಾಗ ಕಾಲಿಗೆ ಒರಗುತ್ತದೆ. ಜೇಡ ತನ್ನ ಕಾಲನ್ನು ಚಾಚುವುದಕ್ಕೂ ಇದೇ ಒತ್ತಡ ಬೇಕು. ಸತ್ತ ಜೇಡದ ಕಾಲುಗಳೆಲ್ಲ ಒಳಕ್ಕೆ ಮುದುಡಿಕೊಳ್ಳುವುದು ಈ ಒತ್ತಡ ಹೋಗುವುದರಿಂದಲೇ. ಹಾಗಾಗಿ ಚಪ್ಪಲಿಯಲ್ಲಿ ಹೊಡೆದು, ಟಿಶ್ಯೂ ಮೇಲಿಟ್ಟು ತೆಗೆದ ಫೋಟೋದಲ್ಲಿ ಮುಳ್ಳು ಕಾಣಲಿಲ್ಲ ಅಂದ ಮಾತ್ರಕ್ಕೆ ಮುಳ್ಳು ಇಲ್ಲ ಅನ್ನುವಂತಿಲ್ಲ. ಮುಳ್ಳು ಕಂಡರೆ ಅದು ಗಟ್ಟಿ ಸಾಕ್ಷಿ, ಕಾಣದಿದ್ದರೆ ದುರ್ಬಲ ಸಾಕ್ಷಿ.

ಮುಳ್ಳು ಎಲ್ಲಿದೆ ಅನ್ನುವುದೂ ಮಾತಾಡುತ್ತದೆ. ಲಿಂಕ್ಸ್ ಜೇಡಕ್ಕೆ ಎಂಟೂ ಕಾಲಿನ ಸುತ್ತ ಮುಳ್ಳು. ಹೂವಿನಲ್ಲಿ ಹೊಂಚು ಹಾಕುವ ಏಡಿ ಜೇಡಗಳಲ್ಲಿ ಉದ್ದನೆಯ ಮುಂಗಾಲಿನ ಒಳಬದಿಗೆ ಮಾತ್ರ ಎರಡು ಸಾಲು ಮುಳ್ಳು ಇರುವುದು ಸಾಮಾನ್ಯ. ಮುಂದಿನಿಂದ ಬಂದ ಬೇಟೆಯನ್ನು ತಬ್ಬಿ ಹಿಡಿಯುವುದಕ್ಕೆ ಅಷ್ಟು ಸಾಕು. ಲಿಂಕ್ಸ್ ಹಾಗಲ್ಲ. ಅದು ಎಲೆಯಿಂದ ಎಲೆಗೆ ಓಡುತ್ತದೆ, ಬೆಕ್ಕಿನಂತೆ ನೆಗೆಯುತ್ತದೆ, ಕೆಲವೊಮ್ಮೆ ಹಾರುತ್ತಿರುವ ಹುಳವನ್ನೇ ಹಿಡಿಯುತ್ತದೆ. ಎಂಟು ಕಾಲೂ ಒಟ್ಟಿಗೆ ಮುಚ್ಚಿಕೊಂಡಾಗ ಆ ಮುಳ್ಳುಗಳು ಬುಟ್ಟಿಯಂತೆ ಬೇಟೆಯನ್ನು ಒಳಗೆ ಹಾಕಿಕೊಳ್ಳುತ್ತವೆ. ಬೇಟೆಗೆ ಬಲೆ ಕಟ್ಟುವುದಿಲ್ಲ ಅದು. ನಮ್ಮ ಫೋಟೋದಲ್ಲೂ ಬಲೆ ಇರಲಿಲ್ಲ.

ಸಂಜೆ ನಾನೇ ಕೆಳಗಿಳಿದು ಹೋದೆ. ಇಂಥ ಕಡೆ ಒಂದು ಫೋಟೋ ಸಾಲದು, ಮೂರು ಬೇಕು: ಮೇಲಿನಿಂದ ಒಂದು, ಮುಖಕ್ಕೆ ನೇರವಾಗಿ ಒಂದು, ಪಕ್ಕದಿಂದ ಒಂದು. ಫೋನನ್ನು ಜೇಡದ ಮೂಗಿಗೆ ತಾಗುವಷ್ಟು ಹತ್ತಿರ ಒಯ್ದರೆ ಫೋಕಸ್ ಕೂರುವುದಿಲ್ಲ. ಒಂದು ಗೇಣು ದೂರದಲ್ಲಿ ಹಿಡಿದು, ಎರಡು ಪಟ್ಟು ಝೂಮ್ ಇಟ್ಟು, ಸ್ಕ್ರೀನಿನಲ್ಲಿ ಜೇಡದ ತಲೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿದೆ. ನನ್ನ ನೆರಳು ಅದರ ಮೇಲೆ ಬಿದ್ದಾಗ ಎರಡು ಸಲ ಪಕ್ಕದ ಎಲೆಗೆ ಹಾರಿತು. ಮೊಮ್ಮಗಳು ಅದೇ ಎಲೆಯ ಪಕ್ಕ, ಅಷ್ಟೇ ದೂರದಲ್ಲಿ, 10 ರೂಪಾಯಿ ನಾಣ್ಯ ಹಿಡಿದಳು. ನಾಣ್ಯದ ಅಗಲ ಸುಮಾರು 27 ಮಿಲಿಮೀಟರು. ಜೇಡದ ದೇಹ ಅದರ ಮೂರನೇ ಒಂದು ಭಾಗದಷ್ಟಿತ್ತು.

ಮುಖದ ಫೋಟೋದಲ್ಲಿ ಎಲ್ಲ ಬಯಲಾಯಿತು. ಗೋಡೆಯಂತೆ ನೆಟ್ಟಗಿರುವ ಎತ್ತರದ ಮುಖ. ಕಣ್ಣುಗಳ ಕೆಳಗಿಂದ ದವಡೆಯವರೆಗೆ ಇಳಿಯುವ ಎರಡು ಕಪ್ಪು ಗೆರೆ, ಅತ್ತು ಕಾಡಿಗೆ ಇಳಿದ ಹಾಗೆ. ಷಟ್ಕೋನದ ಕೆಳಗೆ, ಹೌದು, ಇನ್ನೆರಡು ಸಣ್ಣ ಚುಕ್ಕಿ. ಒಟ್ಟು ಎಂಟು. ಪಕ್ಕದ ಫೋಟೋದಲ್ಲಿ ಹಿಂದಕ್ಕೆ ಚೂಪಾಗುತ್ತಾ ಹೋಗುವ ಹೊಟ್ಟೆ, ಅದರ ಮೇಲೆ ಕೆನೆಬಣ್ಣದ ಪಟ್ಟೆ. ರೆಕ್ಲೂಸ್‌ನ ಹೊಟ್ಟೆಯ ಮೇಲೆ ಯಾವ ಚಿತ್ತಾರವೂ ಇರುವುದಿಲ್ಲ. ಅಲ್ಲಿಗೆ ನಾಲ್ಕು ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದವು. ಇದು ಲಿಂಕ್ಸ್ ಜೇಡ, ಆಕ್ಸಿಯೋಪಸ್ ಅನ್ನುವ ಕುಲದ್ದು.

"ಆಕ್ಸಿಯೋಪಸ್‌ನಲ್ಲಿ ಯಾವುದು?" ಅಂತ ಗ್ರೂಪಿನಲ್ಲಿ ಮತ್ತೆ ಅದೇ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ: ಫೋಟೋದಿಂದ ಹೇಳೋಕಾಗಲ್ಲ. ಈ ಕುಲದಲ್ಲಿ ಒಂದನ್ನೊಂದು ಹೋಲುವ ಹಲವು ಪ್ರಭೇದಗಳು ನಮ್ಮ ದೇಶದಲ್ಲಿವೆ. ಅವನ್ನು ಬೇರ್ಪಡಿಸುವುದು ಹೆಣ್ಣಿನ ಹೊಟ್ಟೆಯ ಕೆಳಗಿರುವ ಜನನಾಂಗದ ಆಕಾರ, ಗಂಡಿನಲ್ಲಿ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿಯ ರಚನೆ. ಎರಡಕ್ಕೂ ಸೂಕ್ಷ್ಮದರ್ಶಕ ಬೇಕು, ಪೂರ್ತಿ ಬೆಳೆದ ಜೇಡ ಬೇಕು. ತೋಟದ ಫೋಟೋ ನೋಡಿದ ತಕ್ಷಣ ಎರಡು ಪದದ ಲ್ಯಾಟಿನ್ ಹೆಸರು ಒಗೆಯುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಕುಟುಂಬದವರೆಗೆ ಖಚಿತ, ಕುಲದವರೆಗೆ ಬಹುತೇಕ ಖಚಿತ ಅಂತ ಹೇಳಿ ನಿಲ್ಲಿಸುವವರನ್ನು ನಾನು ಹೆಚ್ಚು ನಂಬುತ್ತೇನೆ. ಆಂಟಿಯ ಪ್ರಶ್ನೆಗೆ ಅಷ್ಟೇ ಸಾಕಿತ್ತು ಕೂಡ.

ಹಾಗಂತ ಕಣ್ಣಿನ ನಕ್ಷೆ ಒಂದೇ ಗೊತ್ತಿದ್ದರೆ ಗೆದ್ದೆವು ಅಂದುಕೊಳ್ಳಬೇಡಿ. ನಾನು ಬಿದ್ದ ಹಳ್ಳವೊಂದನ್ನು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬಾತ್‌ರೂಮಿನ ಗೋಡೆಯಲ್ಲಿ ನಿಧಾನಕ್ಕೆ ನಡೆಯುತ್ತಿದ್ದ ಜೇಡವೊಂದರ ಫೋಟೋ ತೆಗೆದೆ. ಆರು ಕಣ್ಣು. ಮೂರು ಜೋಡಿ. ಜೋಡಿಗಳ ನಡುವೆ ಜಾಗ. ಕಾಲಿನಲ್ಲಿ ಮುಳ್ಳಿಲ್ಲ. ನನ್ನ ಎದೆ ನಿಜಕ್ಕೂ ಢವಗುಟ್ಟಿತು. ರೆಕ್ಲೂಸ್ ಕುಲದ ಮೆಡಿಟರೇನಿಯನ್ ಮೂಲದ ಪ್ರಭೇದವೊಂದು ಭಾರತದಲ್ಲೂ ದಾಖಲಾಗಿದೆ ಅಂತ ಓದಿದ್ದೆ. "ಅದು ಅಮೆರಿಕದ್ದು, ನಮ್ಮಲ್ಲಿ ಇರಲ್ಲ" ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ ಅಂತಲೂ ಗೊತ್ತಿತ್ತು. ಸ್ನೇಹಿತರಿಗೆಲ್ಲ ಫೋಟೋ ಕಳಿಸಿ ಸಂಭ್ರಮವೋ ಗಾಬರಿಯೋ ಗೊತ್ತಾಗದ ಸ್ಥಿತಿಯಲ್ಲಿ ಕೂತಿದ್ದೆ.

ಜೇಡಗಳನ್ನು ಹಲವು ವರ್ಷಗಳಿಂದ ನೋಡುತ್ತಿರುವ ಗೆಳತಿಯೊಬ್ಬಳು ಒಂದೇ ಪ್ರಶ್ನೆ ಕೇಳಿದಳು: "ಪಕ್ಕದಿಂದ ತೆಗೆದದ್ದು ಇದೆಯಾ?" ಇತ್ತು. ಪಕ್ಕದಿಂದ ನೋಡಿದರೆ ತಲೆ-ಎದೆಯ ಭಾಗ ಹಿಂದಕ್ಕೆ ಗುಮ್ಮಟದಂತೆ ಉಬ್ಬಿತ್ತು. "ರೆಕ್ಲೂಸ್‌ದು ಚಪ್ಪಟೆ ಇರುತ್ತೆ. ಇದು ಉಗುಳುವ ಜೇಡ ಕಣೋ" ಅಂದಳು. ಈ ಕುಟುಂಬಕ್ಕೂ ಆರೇ ಕಣ್ಣು, ಅವೂ ಮೂರು ಜೋಡಿಯೇ. ಆ ಗುಮ್ಮಟದೊಳಗೆ ಅಂಟು ತಯಾರಿಸುವ ದೊಡ್ಡ ಗ್ರಂಥಿಗಳಿವೆ. ಬೇಟೆಯ ಮೇಲೆ ವಿಷ ಬೆರೆತ ಅಂಟುನೂಲನ್ನು ಅಡ್ಡಡ್ಡ ಉಗುಳಿ ನೆಲಕ್ಕೆ ಅಂಟಿಸಿಬಿಡುತ್ತದೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಅಂದರೆ ಕಣ್ಣಿನ ನಕ್ಷೆ ನನ್ನನ್ನು ಎರಡು ಮನೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು. ಯಾವ ಮನೆ ಅಂತ ಹೇಳಿದ್ದು ಬೆನ್ನಿನ ಉಬ್ಬು. ಮೇಲಿನಿಂದ ತೆಗೆದ ಫೋಟೋದಲ್ಲಿ ಆ ಉಬ್ಬು ಕಾಣುವುದೇ ಇಲ್ಲ. ಮೂರು ಕೋನದಿಂದ ಫೋಟೋ ತೆಗೆಯಿರಿ ಅಂತ ನಾನು ಪೀಡಿಸುವುದು ಇದಕ್ಕೇ.

ಎಲ್ಲಿ ಸಿಕ್ಕಿತು ಅನ್ನುವುದನ್ನೂ ಫೋಟೋ ಜೊತೆ ಬರೆದುಕೊಳ್ಳಬೇಕು. ರೆಕ್ಲೂಸ್ ಅನ್ನುವ ಹೆಸರಿನ ಅರ್ಥವೇ ಏಕಾಂತವಾಸಿ. ಅಟ್ಟ, ಹಳೆ ರಟ್ಟಿನ ಡಬ್ಬಿ, ಗೋಡೆ ಬಿರುಕು ಇಂಥ ಕತ್ತಲ ಒಣ ಜಾಗ ಅದಕ್ಕೆ ಬೇಕು. ಹಗಲು ಹನ್ನೊಂದು ಗಂಟೆಗೆ ಬಿಸಿಲಿನಲ್ಲಿ ದಾಸವಾಳದ ಎಲೆ ಮೇಲೆ ಮೈಚಾಚಿ ಕೂರುವ ಜೀವಿ ಅದಲ್ಲ. ಆದರೆ ಜಾಗವನ್ನು ನಾನು ಮೂರನೇ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ, ಮೊದಲನೆಯದಾಗಿ ಅಲ್ಲ. ಹುಳಗಳು ಗೋಣಿಚೀಲ, ಹೂಕುಂಡ, ಸೋಫಾ ಹತ್ತಿಕೊಂಡು ಎಲ್ಲೆಲ್ಲಿಗೋ ಹೋಗುತ್ತವೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ರೆಕ್ಲೂಸ್‌ನ ತವರಾದ ಅಮೆರಿಕದಲ್ಲೇ ಏನಾಗಿದೆ ನೋಡಿ. ಕ್ಯಾಲಿಫೋರ್ನಿಯಾದ ರಿಕ್ ವೆಟರ್ ಅನ್ನುವ ಜೇಡ ಸಂಶೋಧಕ, ರೆಕ್ಲೂಸ್ ಅನ್ನಿಸಿದ ಯಾವ ಜೇಡವನ್ನಾದರೂ ನನಗೆ ಕಳಿಸಿ ಅಂತ ದೇಶದ ಜನರನ್ನೆಲ್ಲ ಕೇಳಿದರು. ಆ ಜೇಡ ಸಹಜವಾಗಿ ಇರುವ ರಾಜ್ಯಗಳ ಹೊರಗಿನಿಂದ ಬಂದವುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಬೇರೆ ಜೇಡಗಳೇ ಆಗಿದ್ದವು. ಇನ್ನೊಂದು ಕಡೆ, ಕ್ಯಾನ್ಸಸ್ ರಾಜ್ಯದ ಒಂದೇ ಮನೆಯಲ್ಲಿ ಆರು ತಿಂಗಳಲ್ಲಿ 2,055 ಅಸಲಿ ರೆಕ್ಲೂಸ್‌ಗಳು ಸಿಕ್ಕವು ಅಂತ ಅವರೇ 2002ರಲ್ಲಿ ಪ್ರಕಟಿಸಿದರು. ಆ ಮನೆಯಲ್ಲಿ ವರ್ಷಗಟ್ಟಲೆ ವಾಸವಿದ್ದ ನಾಲ್ವರಲ್ಲಿ ಯಾರಿಗೂ ಅವು ಕಚ್ಚಿದ್ದು ಗೊತ್ತಾಗಿರಲಿಲ್ಲ. ಜೇಡವನ್ನೇ ನೋಡದೆ ಗಾಯ ನೋಡಿ "ಜೇಡ ಕಚ್ಚಿದ್ದು" ಅಂದುಬಿಟ್ಟರೆ ಅಸಲಿ ಕಾಯಿಲೆಗೆ, ಉದಾಹರಣೆಗೆ ಬ್ಯಾಕ್ಟೀರಿಯಾ ಸೋಂಕಿಗೆ, ಸಿಗಬೇಕಾದ ಚಿಕಿತ್ಸೆ ತಡವಾಗುತ್ತದೆ ಅನ್ನುವುದು ವೆಟರ್ ಅವರ ದೊಡ್ಡ ತಕರಾರು. ನಮ್ಮಲ್ಲೂ ಮಳೆಗಾಲದಲ್ಲಿ ಚರ್ಮ ಸುಟ್ಟಂತಾಗಿ ಬೊಬ್ಬೆ ಎದ್ದರೆ ಜೇಡ ಹರಿದಿದೆ ಅನ್ನುವವರಿದ್ದಾರೆ. ಎಷ್ಟೋ ಸಲ ಅದು ದೀಪಕ್ಕೆ ಬರುವ ಕಪ್ಪು-ಕೇಸರಿ ಬಣ್ಣದ ಸಣ್ಣ ಜೀರುಂಡೆಯೊಂದು ಮೈಮೇಲೆ ಜಜ್ಜಿಹೋದಾಗ ಅದರ ರಸದಿಂದ ಆಗುವ ಗಾಯ.

ನಮ್ಮ ಗ್ರೂಪಿನ ಕಥೆಗೆ ಬರೋಣ. ಮೂರು ಫೋಟೋಗಳ ಮೇಲೆ ಕೆಂಪು ವೃತ್ತ ಹಾಕಿ ಕಣ್ಣಿನ ಷಟ್ಕೋನವನ್ನೂ ಕಾಲಿನ ಮುಳ್ಳನ್ನೂ ತೋರಿಸಿ ಹಾಕಿದೆ. ಕಚ್ಚುತ್ತಾ ಅನ್ನುವ ಮೂಲ ಪ್ರಶ್ನೆಗೂ ಉತ್ತರ ಬರೆದೆ: ಕೈಯಲ್ಲಿ ಹಿಡಿದು ಅದುಮಿದರೆ ಕಚ್ಚಬಹುದು, ನೋಯಬಹುದು, ಅದರಾಚೆಗೆ ಹೆದರಬೇಕಾದದ್ದಿಲ್ಲ, ಮಗುವಿಗೆ ಮುಟ್ಟಬೇಡ ಅಂತ ಹೇಳಿದರೆ ಸಾಕು. ಕಾರ್ಯದರ್ಶಿ ಅಂಕಲ್ ಅಷ್ಟಕ್ಕೆ ಒಪ್ಪಲಿಲ್ಲ. "ಇವತ್ತು ಇದು ಅಲ್ಲ ಸರಿ, ನಾಳೆ ಇನ್ನೊಂದು ಬಂದ್ರೆ? ಒಂದ್ಸಲ ಹೊಡೆಸಿಬಿಡೋಣ" ಅಂದರು. ಆಗ ಗದ್ದೆಯ ಕಥೆ ಹೇಳಬೇಕಾಯಿತು. ಲಿಂಕ್ಸ್ ಜೇಡ, ತೋಳ ಜೇಡ ಎರಡೂ ಭತ್ತದ ಗದ್ದೆಯಲ್ಲಿ ಜಿಗಿಹುಳ ತಿಂದು ಬದುಕುವವು. ಏಷ್ಯಾದ ಹಲವು ಕಡೆ ಕೀಟನಾಶಕ ಜೋರಾಗಿ ಹೊಡೆದ ಗದ್ದೆಗಳಲ್ಲೇ ಕಂದು ಜಿಗಿಹುಳ ಇನ್ನಷ್ಟು ಹೆಚ್ಚಾಗಿದ್ದು ಕೃಷಿ ವಿಜ್ಞಾನದಲ್ಲಿ ಚೆನ್ನಾಗಿ ದಾಖಲಾಗಿದೆ. ಹುಳ ತಿನ್ನುವ ಜೇಡಗಳು ಮೊದಲು ಸತ್ತವು, ಹುಳ ಬೇಗ ಮರಳಿ ಬಂತು. ಈ ಜೇಡ ದಾಸವಾಳದ ಮೇಲೆ ಸುಮ್ಮನೆ ಬಂದು ಕೂತಿಲ್ಲ ಅಂಕಲ್, ಅಲ್ಲಿ ಅದಕ್ಕೆ ಊಟ ಇದೆ ಅಂದೆ. ಅವರಿಗೆ ಗದ್ದೆಯ ಮಾತು ನಾಟಿತೋ, ಸ್ಪ್ರೇಯವನ ರೇಟು ನಾಟಿತೋ ಗೊತ್ತಿಲ್ಲ. ಸೋಮವಾರ ಯಾರೂ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ಆಂಟಿಯ ಮೊಮ್ಮಗಳಿಂದ ಒಂದು ಡಾಕ್ಯುಮೆಂಟ್ ಬಂತು. ಅದೇ ಗಿಡ. ಎಲೆಗೆ ಅಂಟಿಸಿದ ಬಿಳಿ ಮೊಟ್ಟೆಚೀಲ, ಅದರ ಮೇಲೆ ಕಾಲು ಹರಡಿ ಕಾವಲು ಕೂತ ಲಿಂಕ್ಸ್ ಜೇಡ. ಜೊತೆಗೆ ಎರಡು ಸಾಲು: "ಅಂಕಲ್, ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಮೂರೂ ತೆಗೆದಿದ್ದೀನಿ. ಕಣ್ಣು ಏಳೇ ಸಿಕ್ತು."